ಬೊಂಬೆಯ ಫೋಟೋ, ಬಣ್ಣದ ಹಿನ್ನೆಲೆ: ಅಂಟಿಸಿದ ಹಾಗೆ ಕಾಣದ ಕಥೆಪುಟ ಮಾಡೋದು ಹೇಗೆ?

ಆಟಿಕೆಯ ಫೋಟೋ ತೆಗೆದು, ಕೈಯಲ್ಲಿ ಬರೆದ ಹಿನ್ನೆಲೆಯ ಮೇಲೆ ಕೂರಿಸಿ, ಮಕ್ಕಳ ಕಥೆಗೆ ಚಿತ್ರ ಮಾಡುವವರು ಈಗ ಜಾಸ್ತಿ ಆಗಿದ್ದಾರೆ. ಹಾಗೆ ಮಾಡಿದ ಪುಟಗಳು ನನ್ನ ಕೈಗೆ ಬಂದಾಗ ಅವುಗಳಲ್ಲಿ ಒಂದೇ ತೊಂದರೆ ಕಾಣುತ್ತದೆ. ಚಿತ್ರ ಚೆನ್ನಾಗಿರುತ್ತದೆ, ಫೋಟೋನೂ ಚೆನ್ನಾಗಿರುತ್ತದೆ. ಎರಡನ್ನೂ ಸೇರಿಸಿದ ಮೇಲೆ ಮಾತ್ರ ಆನೆ ನೆಲದಿಂದ ಎರಡು ಬೆರಳು ಮೇಲೆ ತೇಲುತ್ತಿರುತ್ತದೆ.

ಸಾಫ್ಟ್‌ವೇರ್ ಸರಿಯಾಗಿ ಬರದಿದ್ದಕ್ಕೆ ಹೀಗಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತೊಂದರೆ ಶುರುವಾಗೋದು ಅದಕ್ಕಿಂತ ಬಹಳ ಮೊದಲು. ಹಿನ್ನೆಲೆಯನ್ನು ಪೂರ್ತಿ ಬರೆದು ಮುಗಿಸಿ, ಆಮೇಲೆ ಬೊಂಬೆಯನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಮೇಲಿನಿಂದ ಫೋಟೋ ತೆಗೆದಿರುತ್ತಾರೆ. ಆಗ ಚಿತ್ರದ ನೋಟ ಒಂದು ಎತ್ತರದ್ದು, ಫೋಟೋದ ನೋಟ ಇನ್ನೊಂದು ಎತ್ತರದ್ದು. ಯಾವ ಸಾಫ್ಟ್‌ವೇರ್ ಕೂಡ ಅದನ್ನು ಸರಿ ಮಾಡಲ್ಲ.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಪೆನ್ಸಿಲ್ ಸ್ಕೆಚ್, ಆಮೇಲೆ ಫೋಟೋ, ಆಮೇಲೆ ಬಣ್ಣ, ಕೊನೆಗೆ ಜೋಡಣೆ. ಇಲ್ಲಿ ಒಂದೇ ಪುಟವನ್ನು ಶುರುವಿನಿಂದ ಕೊನೆಯವರೆಗೆ ಮಾಡೋಣ. ದೃಶ್ಯ ಇಷ್ಟೇ: ಚನ್ನಪಟ್ಟಣದ ಒಂದು ಮರದ ಆನೆ ಸಂಜೆ ಹೊತ್ತು ಲಾಲ್‌ಬಾಗಿನ ಬಂಡೆ ಮೇಲೆ ನಿಂತಿದೆ, ಪಕ್ಕದಲ್ಲಿ ಇಬ್ಬರು ಮಕ್ಕಳು, ಹಿಂದೆ ಕೆಂಪೇಗೌಡ ಗೋಪುರ. ಆನೆ ಮಾತ್ರ ಫೋಟೋ, ಉಳಿದದ್ದೆಲ್ಲ ಬಣ್ಣ.

## ಏನೇನು ಬೇಕು

ಗಾಲಿಯ ಮೇಲೆ ನಿಂತ, ಸುಮಾರು 9 ಸೆಂ.ಮೀ. ಎತ್ತರದ ಆನೆ. 2x ಅಥವಾ 3x ಲೆನ್ಸ್ ಇರುವ ಫೋನ್. 15×22 ಇಂಚಿನ, 300 ಜಿಎಸ್‌ಎಂ ದಪ್ಪದ ಜಲವರ್ಣದ ಕಾಗದ ಎರಡು ಹಾಳೆ. ಪೋಸ್ಟರ್ ಕಲರ್, ಸ್ಕೇಲ್, ಪೆನ್ಸಿಲ್, ಫೋನಿನ ಕೆಳಗಿಡಲು ನಾಲ್ಕಾರು ಪುಸ್ತಕ, ಒಂದು ಬಿಳಿ ಥರ್ಮಾಕೋಲ್ ತುಂಡು. ಸ್ಕ್ಯಾನರ್ ಯಾವುದಾದರೂ ನಡೆಯುತ್ತದೆ. ಜೋಡಿಸಲು ಗಿಂಪ್ ಸಾಫ್ಟ್‌ವೇರ್ ಸಾಕು, ಅದು ಉಚಿತ. ಕಾಗದಕ್ಕೆ ಬೆಂಗಳೂರಿನ ಅವೆನ್ಯೂ ರಸ್ತೆ, ಸುಲ್ತಾನ್ ಪೇಟೆ ಕಡೆ ಹೋದರೆ ಹಾಳೆ ಮುಟ್ಟಿ ನೋಡಿ ತರಬಹುದು.

ಆನೆ ಕೊಳ್ಳುವಾಗ ಒಂದು ವಿಷಯ ನೆನಪಿರಲಿ. ಚನ್ನಪಟ್ಟಣದ ಬೊಂಬೆಗಳನ್ನು ಆಲೆ ಮರದಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಚ್ಚುತ್ತಾರೆ. ಕೈಕೆಲಸ ಆದ್ದರಿಂದ ಎರಡು ಆನೆಗಳ ಪಟ್ಟಿ, ಕಣ್ಣು ಒಂದೇ ತರ ಇರಲ್ಲ. ಕಥೆಯ ಅರ್ಧದಲ್ಲಿ ಆನೆ ಕಳೆದುಹೋಗಿ ಇನ್ನೊಂದು ತಂದರೆ ಮಕ್ಕಳು ತಕ್ಷಣ ಹಿಡಿಯುತ್ತಾರೆ. ಕಥೆ ಮುಗಿಯುವವರೆಗೆ ಆ ಒಂದು ಆನೆಯನ್ನು ಮನೆಮಕ್ಕಳ ಕೈಗೆ ಕೊಡಬೇಡಿ.

ಪ್ಲಾಸ್ಟಿಕ್‌ನ ಕಾರ್ಟೂನ್ ಬೊಂಬೆ ಬೇಡ. ಆ ಪಾತ್ರದ ಹಕ್ಕು ಕಂಪನಿಯದ್ದಾಗಿರುತ್ತದೆ, ಪುಸ್ತಕ ಮಾರುವಾಗ ತಕರಾರು ಬರುತ್ತದೆ.

## ಹಂತ 1: ಸ್ಕೆಚ್‌ನಲ್ಲೇ ಕಣ್ಣಿನ ಗೆರೆ ಮತ್ತು ಬಿಸಿಲಿನ ಬಾಣ

ಪುಟ ಎಂಟೂವರೆ ಇಂಚು ಚೌಕ ಅಂತ ಇಟ್ಟುಕೊಳ್ಳಿ. ಎರಡು ಪುಟ ತೆರೆದಾಗ 17×8.5 ಇಂಚು. ಕತ್ತರಿಸುವಾಗ ಹೋಗುವ ಅಂಚಿಗೆ ಸುತ್ತಲೂ 3 ಮಿ.ಮೀ. ಹೆಚ್ಚು ಬಿಡಿ. ನಡುವಿನ ಮಡಿಕೆಯಲ್ಲಿ ಆನೆಯ ಮುಖವಾಗಲಿ ಮಕ್ಕಳ ಮುಖವಾಗಲಿ ಬರದ ಹಾಗೆ ಈಗಲೇ ನೋಡಿಕೊಳ್ಳಿ.

ಈಗ ಹಾಳೆಯ ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ನೋಡುವವರ ಕಣ್ಣು ಇರುವ ಎತ್ತರ ಅದು. ಕಥೆಯನ್ನು ಮಗುವಿನ ಕಣ್ಣಿನಿಂದ ತೋರಿಸುವುದಾದರೆ, ಆ ಕಣ್ಣು ನೆಲದಿಂದ ಸುಮಾರು 100 ಸೆಂ.ಮೀ. ಮೇಲಿರುತ್ತದೆ. ದಿಗಂತ ಮರಗಳ ಹಿಂದೆ ಅಡಗಿದ್ದರೂ ಪೆನ್ಸಿಲ್ ಗೆರೆ ಹಾಳೆಯಲ್ಲಿ ಇರಲೇಬೇಕು.

ಈ ಗೆರೆಗೆ ಒಂದು ಸರಳ ನಿಯಮ ಇದೆ. ಸಮತಟ್ಟಾದ ನೆಲದ ಮೇಲೆ ನಿಂತ, ಒಂದೇ ಎತ್ತರದ ವಸ್ತುಗಳು ಹತ್ತಿರ ಇರಲಿ ದೂರ ಇರಲಿ, ಗೆರೆ ಅವುಗಳನ್ನು ಒಂದೇ ಜಾಗದಲ್ಲಿ ಕತ್ತರಿಸುತ್ತದೆ. ನಮ್ಮ ಚಿತ್ರದಲ್ಲಿ ನಿಂತ ಮಕ್ಕಳ ಕಣ್ಣು ಎಲ್ಲಿದ್ದರೂ ಆ ಗೆರೆಯ ಮೇಲೆಯೇ ಬರಬೇಕು. ದೂರದ ಮಗು ಚಿಕ್ಕದಾಗಿ ಕಾಣುತ್ತದೆ, ಅದರ ಕಣ್ಣು ಮಾತ್ರ ಗೆರೆ ಬಿಟ್ಟು ಇಳಿಯಲ್ಲ. ಆನೆಯನ್ನು ಕಥೆಯಲ್ಲಿ 120 ಸೆಂ.ಮೀ. ಎತ್ತರದ ಮರಿ ಅಂತ ಎಣಿಸಿದರೆ, ಗೆರೆ ಅದರ ಮೈಯ ಆರರಲ್ಲಿ ಐದು ಭಾಗದ ಎತ್ತರದಲ್ಲಿ, ಅಂದರೆ ನೆತ್ತಿಗಿಂತ ಸ್ವಲ್ಪ ಕೆಳಗೆ, ಹಾಯಬೇಕು. (ಲಾಲ್‌ಬಾಗಿನ ಬಂಡೆ ನಿಜಕ್ಕೂ ಇಳಿಜಾರು. ಮೊದಲ ಸಲ ಮಾಡುವಾಗ ಆನೆಯನ್ನು ಬಂಡೆಯ ತುದಿಯ ಸಮತಟ್ಟಿನಲ್ಲೇ ನಿಲ್ಲಿಸಿ. ಇಳಿಜಾರಿನ ಸಹವಾಸ ಆಮೇಲೆ.)

ಆಮೇಲೆ ಬಿಸಿಲು ಎಲ್ಲಿಂದ ಬರುತ್ತದೆ ಅಂತ ಒಂದು ಬಾಣ ಬರೆಯಿರಿ. ನಮ್ಮದರಲ್ಲಿ ಎಡಗಡೆಯಿಂದ, ಸ್ವಲ್ಪ ಮುಂದಿನಿಂದ. ನೆರಳು ವಸ್ತುವಿನ ಎತ್ತರದ ಎರಡರಷ್ಟು ಉದ್ದ ಅಂತ ಬಾಣದ ಪಕ್ಕದಲ್ಲೇ ಬರೆದಿಡಿ. ಸಂಜೆಯ ಬಿಸಿಲು ಅಂತ ಅನ್ನಿಸಲು ಅಷ್ಟು ಉದ್ದ ಬೇಕು.

## ಹಂತ 2: ನೆಲದ ತುಂಡನ್ನು ಮೊದಲೇ ಬರೆಯಿರಿ

ಈ ಹಂತವನ್ನು ಬಿಡುವವರೇ ಹೆಚ್ಚು. ಎರಡನೇ ಹಾಳೆಯನ್ನು ಅರ್ಧ ಕತ್ತರಿಸಿ, ಬಂಡೆಗೆ ಯಾವ ಬಣ್ಣ ಹಚ್ಚಬೇಕು ಅಂತಿದ್ದೀರೋ ಅದೇ ಬಣ್ಣ, ಅದೇ ಕುಂಚದಲ್ಲಿ ತುಂಬಿ. ಬೂದಿಗೆ ಸ್ವಲ್ಪ ಕಂದು, ಅಲ್ಲಲ್ಲಿ ತಿಳಿ ಗೆರೆ. ಆನೆ ಈ ಹಾಳೆಯ ಮೇಲೆ ನಿಲ್ಲುತ್ತದೆ.

ಯಾಕೆ ಅಂದರೆ ಅರಗು ಹೊಳೆಯುತ್ತದೆ. ಅದರ ಹೊಟ್ಟೆ, ಗಾಲಿ, ಸೊಂಡಿಲಿನ ಕೆಳಭಾಗ ಎಲ್ಲವೂ ತಾವು ನಿಂತ ನೆಲದ ಬಣ್ಣವನ್ನು ಹಿಡಿದುಕೊಳ್ಳುತ್ತವೆ. ಬಿಳಿ ಹಾಳೆಯ ಮೇಲೆ ನಿಲ್ಲಿಸಿ ಫೋಟೋ ತೆಗೆದರೆ ಆನೆಯ ಹೊಟ್ಟೆ ಬೆಳ್ಳಗೆ ಹೊಳೆಯುತ್ತದೆ. ಅದನ್ನು ತಂದು ಬೂದು ಬಂಡೆಯ ಮೇಲೆ ಇಟ್ಟಾಗ, ಯಾಕೆ ಅಂತ ಗೊತ್ತಾಗದಿದ್ದರೂ, ಸುಳ್ಳು ಅಂತ ಕಣ್ಣಿಗೆ ಗೊತ್ತಾಗುತ್ತದೆ. ಬಣ್ಣದ ತುಂಡಿನ ಮೇಲೆ ನಿಲ್ಲಿಸಿದರೆ ಆ ಕೆಲಸ ತಾನಾಗಿಯೇ ಆಗುತ್ತದೆ.

ಪುಟದಲ್ಲಿ ಆನೆ ಮೂರನೇ ಒಂದು ಭಾಗ ಎತ್ತರ ಇರಲಿ. ಆಗ ಅಚ್ಚಿನಲ್ಲಿ ಅದು ಸುಮಾರು 7 ಸೆಂ.ಮೀ. ಬರುತ್ತದೆ. ನಿಜವಾದ ಆನೆ 9 ಸೆಂ.ಮೀ. ಎರಡೂ ಹತ್ತಿರ ಇರುವುದರಿಂದ ಕುಂಚದ ಗುರುತುಗಳೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಕಾಣುತ್ತವೆ.

## ಹಂತ 3: ತಾರಸಿಯಲ್ಲಿ ಫೋಟೋ

ಬಿಸಿಲಿನ ದೃಶ್ಯಕ್ಕೆ ಬಿಸಿಲೇ ಬೇಕು. ಮೇಜಿನ ದೀಪ ಹತ್ತಿರ ಇಟ್ಟರೆ ನೆರಳು ಮುಂದೆ ಹೋದಂತೆ ಅಗಲವಾಗುತ್ತದೆ, ಸೂರ್ಯನ ನೆರಳು ಹಾಗೆ ಹರಡಲ್ಲ. ಸಂಜೆಯೇ ಆಗಬೇಕಿಲ್ಲ, ಬೆಳಗಿನ ಬಿಸಿಲೂ ಅಷ್ಟೇ ಓರೆ. ಸೂರ್ಯ ಹುಟ್ಟಿ ಸುಮಾರು ಎರಡು ಗಂಟೆಗೆ ನಮಗೆ ಬೇಕಾದ ಕೋನ ಸಿಗುತ್ತದೆ. ಗಡಿಯಾರ ನೋಡುವುದಕ್ಕಿಂತ ಒಂದು ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಅದರ ನೆರಳು ಪೆನ್ಸಿಲಿನ ಎರಡರಷ್ಟು ಉದ್ದ ಇದ್ದರೆ ಶುರು ಮಾಡಿ. ಮಳೆಗಾಲದಲ್ಲಿ ಮೋಡ ಬಂದು ಹೋಗುತ್ತಿದ್ದರೆ ಆ ದಿನ ಬಿಟ್ಟುಬಿಡಿ. ಎರಡು ಫೋಟೋ ನಡುವೆ ಬೆಳಕು ಬದಲಾದರೆ ಮುಂದಿನ ಕೆಲಸ ಕೆಡುತ್ತದೆ.

ಕ್ಯಾಮೆರಾ ಎತ್ತರ ಲೆಕ್ಕ ಹಾಕೋಣ. ಕಥೆಯ 120 ಸೆಂ.ಮೀ. ಆನೆ ಇಲ್ಲಿ 9 ಸೆಂ.ಮೀ. ಹಾಗಾದರೆ 100 ಸೆಂ.ಮೀ. ಎತ್ತರದ ಕಣ್ಣು ಇಲ್ಲಿ ಏಳೂವರೆ ಸೆಂ.ಮೀ. ಎತ್ತರದಲ್ಲಿರಬೇಕು.

```
ಕ್ಯಾಮೆರಾ ಎತ್ತರ = ಕಥೆಯ ಕಣ್ಣಿನ ಎತ್ತರ × ಬೊಂಬೆಯ ಎತ್ತರ ÷ ಕಥೆಯಲ್ಲಿ ಬೊಂಬೆಯ ಎತ್ತರ
              = 100 × 9 ÷ 120 = 7.5 ಸೆಂ.ಮೀ.
```

ಫೋನನ್ನು ಅಡ್ಡ ಮಾಡಿ, ಪುಸ್ತಕದ ಮೇಲೆ ನೆಟ್ಟಗೆ ಒರಗಿಸಿ, ಲೆನ್ಸಿನ ನಡುಭಾಗ ನೆಲದಿಂದ ಏಳೂವರೆ ಸೆಂ.ಮೀ. ಬರುವ ಹಾಗೆ ಸ್ಕೇಲ್ ಹಿಡಿದು ನೋಡಿ. ಲೆನ್ಸ್ ಮೇಲೆ ಉಳಿದರೆ ಫೋನನ್ನು ತಲೆಕೆಳಗು ಮಾಡಿ. ಆಗ ಲೆನ್ಸ್ ಕೆಳಗೆ ಬರುತ್ತದೆ, ಬೇಕಾದಷ್ಟು ಪುಸ್ತಕ ಸೇರಿಸಿ ಎತ್ತಬಹುದು. ಫೋನ್ ಮುಂದಕ್ಕೋ ಹಿಂದಕ್ಕೋ ವಾಲಬಾರದು.

ದೂರ ಸುಮಾರು 60 ಸೆಂ.ಮೀ. ಹತ್ತಿರ ಹೋಗಿ 1x ಲೆನ್ಸಿನಲ್ಲಿ ತೆಗೆದರೆ ಸೊಂಡಿಲು ಹಿಗ್ಗಿ, ಹಿಂಗಾಲು ಕುಗ್ಗಿ, ಜೊತೆಗೆ ಹಿಂಭಾಗ ಮಸುಕಾಗುತ್ತದೆ. ಮಸುಕು ಆನೆಯ ಹಿಂದೆ ಸ್ಪಷ್ಟವಾಗಿ ಬರೆದ ಗೋಪುರ ಇಟ್ಟರೆ ಏನು ಚೆಂದ? ಪೋರ್ಟ್ರೇಟ್ ಮೋಡ್, ಮ್ಯಾಕ್ರೋ, ಫಿಲ್ಟರ್ ಎಲ್ಲ ಆಫ್ ಮಾಡಿ. ಪರದೆ ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಇಳಿಸಿ. ಇಳಿಸದಿದ್ದರೆ ಅರಗಿನ ಕೆಂಪು ಒಂದೇ ಕೆಂಪು ಮುದ್ದೆಯಾಗುತ್ತದೆ. ಬೆರಳು ತಾಗಿ ಅಲುಗಾಡದ ಹಾಗೆ ಎರಡು ಸೆಕೆಂಡಿನ ಟೈಮರ್ ಹಾಕಿ.

ಈಗ ಆನೆಯ ಮೈಯನ್ನು ಹತ್ತಿರದಿಂದ ನೋಡಿ. ಬೆನ್ನಿನ ಮೇಲೆ ಸೂರ್ಯನ ಒಂದು ಚಿಕ್ಕ ಬಿಳಿ ಮಿನುಗು ಇರುತ್ತದೆ, ಅದು ಇರಲಿ, ಅರಗು ಅಂತ ಗೊತ್ತಾಗುವುದೇ ಅದರಿಂದ. ಪಕ್ಕೆಯಲ್ಲಿ ಉದ್ದಕ್ಕೆ ಒಂದು ಕಪ್ಪು ಆಕಾರ ಕಂಡರೆ ಅದು ನೀವೇ. ಬಣ್ಣದ ಅಂಗಿ ತೊಟ್ಟಿದ್ದರೆ ಅದೂ ಕಾಣುತ್ತದೆ. ಬೂದು ಅಂಗಿ ಹಾಕಿ, ಟೈಮರ್ ಒತ್ತಿ ಪಕ್ಕಕ್ಕೆ ಸರಿಯಿರಿ. ಬಲಗಡೆಯ ಕತ್ತಲು ಜಾಸ್ತಿ ಅನ್ನಿಸಿದರೆ ಥರ್ಮಾಕೋಲನ್ನು ಒಂದು ಅಡಿ ದೂರದಲ್ಲಿ ಹಿಡಿಯಿರಿ. ಇನ್ನೂ ಹತ್ತಿರ ತಂದರೆ ಥರ್ಮಾಕೋಲೇ ಮೈಯಲ್ಲಿ ಬಿಳಿ ಪಟ್ಟಿಯಾಗಿ ಕಾಣುತ್ತದೆ.

ಫೋಟೋ ಎರಡು ಬೇಕು. ಒಂದು ಆನೆ ಇರುವಾಗ. ಇನ್ನೊಂದು, ಫೋನ್ ಅಲುಗಿಸದೆ, ಆನೆಯನ್ನು ಎತ್ತಿದ ತಕ್ಷಣ, ಖಾಲಿ ನೆಲದ್ದು. ಥರ್ಮಾಕೋಲ್ ಇಟ್ಟಿದ್ದರೆ ಅದು ಎರಡರಲ್ಲೂ ಅಲ್ಲೇ ಇರಲಿ. ಈ ಖಾಲಿ ಫೋಟೋ ನೆರಳನ್ನು ಬಿಡಿಸಿಕೊಳ್ಳಲು ಬೇಕು.

ಹೊರಡುವ ಮುಂಚೆ ಫೋಟೋದಲ್ಲಿ ಆನೆಯ ಎತ್ತರ ಎಷ್ಟು ಪಿಕ್ಸೆಲ್ ಅಂತ ನೋಡಿ. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 850 ಬೇಕು. ಕಡಿಮೆ ಇದ್ದರೆ ಇನ್ನೂ ಹತ್ತಿರ ಹೋಗುವ ಬದಲು 3x ಲೆನ್ಸ್ ಬಳಸಿ.

ಆನೆ ಇನ್ನೊಂದು ಪುಟದಲ್ಲಿ ಬಲಕ್ಕೆ ತಿರುಗಬೇಕಿದ್ದರೆ ಅದನ್ನೂ ಈಗಲೇ ತಿರುಗಿಸಿ ತೆಗೆಯಿರಿ. ಆಮೇಲೆ ಕಂಪ್ಯೂಟರಿನಲ್ಲಿ ಕನ್ನಡಿ ಮಾಡಿದರೆ ಆನೆಯ ಜೊತೆ ಬಿಸಿಲೂ ತಿರುಗುತ್ತದೆ. ಒಂದೇ ಪುಟದಲ್ಲಿ ಎರಡು ಸೂರ್ಯ ಕಾಣುವುದಕ್ಕೆ ಬಹಳ ಸಲ ಇದೇ ಕಾರಣ.

ಮೋಡದ ದಿನದ ದೃಶ್ಯವಾದರೆ ಕಿಟಕಿ ಬೆಳಕು ಸರಿ, ಟ್ಯೂಬ್‌ಲೈಟ್ ಆರಿಸಿ. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳಲ್ಲ ಅಂತ ಓದಿರುತ್ತೀರಿ. ಬೆಂಗಳೂರಿಗೆ ಅದು ವರ್ಷಪೂರ್ತಿ ಹೊಂದಲ್ಲ. ಇಲ್ಲಿ ಏಪ್ರಿಲ್ 24ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ 18ರ ತನಕ ಮಧ್ಯಾಹ್ನ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿಕೊಳ್ಳಿ.

## ಹಂತ 4: ಫೋಟೋ ನೋಡಿಕೊಂಡು ಹಿನ್ನೆಲೆ ಬರೆಯಿರಿ

ಫೋಟೋವನ್ನು ಪರದೆ ಮೇಲೆ ಎದುರಿಗಿಟ್ಟುಕೊಳ್ಳಿ. ನೆರಳಿನ ದಿಕ್ಕು, ಉದ್ದ, ಅಂಚು ಎಷ್ಟು ಚೂಪು ಅನ್ನೋದನ್ನೆಲ್ಲ ಅದರಿಂದ ತಗೊಳ್ಳಿ. ಮಕ್ಕಳ ನೆರಳು, ಗೋಪುರದ ನೆರಳಿನ ಬದಿ ಆನೆಯದಕ್ಕೆ ಸರಿಹೊಂದಬೇಕು. ಬೆಳಗಿನ ಬಿಸಿಲನ್ನು ಸಂಜೆ ಮಾಡುವ ಹಳದಿ-ಕಿತ್ತಳೆಯನ್ನು ಆಕಾಶಕ್ಕೂ ಬಂಡೆಯ ಬಿಸಿಲು ಬಿದ್ದ ಭಾಗಕ್ಕೂ ಹಚ್ಚಿ. ಆನೆಗೆ ಆ ಬಣ್ಣವನ್ನು ಹಂತ 5ರಲ್ಲಿ ಕೊಡೋಣ.

ಆನೆ ನಿಲ್ಲುವ ಜಾಗವನ್ನು ಖಾಲಿ ಬಿಡಬೇಡಿ, ಬಂಡೆಯನ್ನು ಪೂರ್ತಿ ಬರೆಯಿರಿ. ಆನೆಯ ನೆರಳನ್ನು ಮಾತ್ರ ಬರೆಯಬೇಡಿ, ಅದು ಫೋಟೋದಿಂದ ಬರುತ್ತದೆ. ಎರಡೂ ಇದ್ದರೆ ಎರಡು ನೆರಳಾಗುತ್ತದೆ.

ಒಂದು ಸಣ್ಣ ಬಿಳಿ ಹಾಳೆಯಲ್ಲಿ ಬಂಡೆ ಬಿರುಕಿನ ಹುಲ್ಲಿನ ಎರಡು ಮೂರು ಗೊಂಚಲು ಬೇರೆ ಬರೆದಿಡಿ. ಗಾಲಿಯ ಮುಂದೆ ಇಡೋಕೆ ಬೇಕು.

ಬಣ್ಣ ಪೂರ್ತಿ ಒಣಗಿದ ಮೇಲೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಮನೆಯ ಎ4 ಸ್ಕ್ಯಾನರ್ ಆದರೆ ಒಂದರ ಮೇಲೊಂದು ಎರಡು ಇಂಚು ಬರುವ ಹಾಗೆ ತುಂಡು ತುಂಡಾಗಿ ಸ್ಕ್ಯಾನ್ ಮಾಡಿ ಕೂಡಿಸಿ. ಪ್ರತಿ ಸಲ ಆಟೋ ಬಣ್ಣ ತಿದ್ದುವಿಕೆ ಆಫ್ ಇರಲಿ, ಇಲ್ಲದಿದ್ದರೆ ಒಂದೊಂದು ತುಂಡು ಒಂದೊಂದು ಬಣ್ಣ ಬರುತ್ತದೆ.

## ಹಂತ 5: ಜೋಡಣೆ

ಸ್ಕ್ಯಾನ್ ಮಾಡಿದ ಚಿತ್ರ ಅಡಿಯಲ್ಲಿ. ಅದರ ಮೇಲೆ ನೆರಳು, ಅದರ ಮೇಲೆ ಆನೆ, ಎಲ್ಲದರ ಮೇಲೆ ಹುಲ್ಲು. ಇದೇ ಕ್ರಮ.

ಮೊದಲು ನೆರಳು. ಹೊಸ ಫೈಲಿನಲ್ಲಿ ಆನೆ ಇರುವ ಫೋಟೋ ಕೆಳಗೆ, ಖಾಲಿ ನೆಲದ ಫೋಟೋ ಮೇಲೆ ಇಟ್ಟು, ಮೇಲಿನ ಲೇಯರಿನ ಮೋಡ್ `Divide` ಮಾಡಿ. ಎರಡರಲ್ಲೂ ಒಂದೇ ತರ ಇರುವ ನೆಲ ಬೆಳ್ಳಗಾಗುತ್ತದೆ, ನೆರಳು ಮಾತ್ರ ಉಳಿಯುತ್ತದೆ. ಆನೆಯ ಜಾಗದಲ್ಲಿ ವಿಚಿತ್ರ ಬಣ್ಣ ಬರುತ್ತದೆ, ಚಿಂತೆ ಬೇಡ, ಅದು ಆನೆಯ ಹಿಂದೆ ಮುಚ್ಚಿಹೋಗುತ್ತದೆ. `New from Visible` ಕೊಟ್ಟು ಬಂದ ಲೇಯರನ್ನು ಮುಖ್ಯ ಫೈಲಿಗೆ ತಂದು, ಮೋಡ್ `Multiply` ಮಾಡಿ. ನೆಲದ ಹೊರಗಿನದ್ದನ್ನೆಲ್ಲ ಮೆತ್ತನೆಯ ಬ್ರಷ್ಷಿನಲ್ಲಿ ಅಳಿಸಿ. ಈಗ ಬರೆದ ಬಂಡೆಯ ಮೇಲೆ ನಿಜವಾದ ನೆರಳು ಬಿದ್ದಿರುತ್ತದೆ, ಕುಂಚದ ಗುರುತುಗಳೂ ಅದರೊಳಗೆ ಕಾಣುತ್ತವೆ. ಕಪ್ಪು ಬ್ರಷ್ಷಿನಲ್ಲಿ ಬಳಿದ ನೆರಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಗಾಲಿ ನೆಲಕ್ಕೆ ತಾಗುವ ಜಾಗವನ್ನು ದೊಡ್ಡದು ಮಾಡಿ ನೋಡಿ. ಅಲ್ಲಿ ಕೂದಲೆಳೆಯಷ್ಟು ಗಾಢ ಗೆರೆ ಇರಬೇಕು. ಆನೆ ತೇಲುತ್ತಿದೆ ಅನ್ನಿಸುವುದು ಈ ಗೆರೆ ಕತ್ತರಿಸುವಾಗ ಹಾರಿಹೋದಾಗ.

ಆಮೇಲೆ ಆನೆ. ಆನೆ ಇರುವ ಫೋಟೋವನ್ನೂ ಮುಖ್ಯ ಫೈಲಿಗೆ ತಂದು ನೆರಳಿಗೆ ಸರಿಯಾಗಿ ಕೂರಿಸಿ. ಪೆನ್‌ನಂತಹ `Paths` ಸಾಧನದಲ್ಲಿ ಸುತ್ತು ಹಾಕಿ, ಅದನ್ನು ಆಯ್ಕೆಯಾಗಿ ಬದಲಿಸಿ, ಆ ಆಯ್ಕೆಯನ್ನು ಒಂದು ಪಿಕ್ಸೆಲ್ ಒಳಕ್ಕೆ ಎಳೆದು, ಒಂದು ಪಿಕ್ಸೆಲ್ ಮೆತ್ತಗೆ ಮಾಡಿ, `Layer Mask` ಹಾಕಿ. ಅಳಿಸುವ ಸಾಧನ ಬಳಸಬೇಡಿ, ಮಾಸ್ಕ್ ಆದರೆ ಆಮೇಲೆ ತಿದ್ದಬಹುದು.

ಇಷ್ಟಾದರೂ ಆನೆ ಕಾಗದದ ಮೇಲೆ ಸ್ಟಿಕ್ಕರ್ ತರ ಎದ್ದು ಕಂಡರೆ ಕಪ್ಪನ್ನು ನೋಡಿ. ಪೋಸ್ಟರ್ ಕಲರ್ ಎಷ್ಟೇ ಗಾಢ ಹಚ್ಚಿದರೂ ಸ್ಕ್ಯಾನಿನಲ್ಲಿ ಪೂರ್ತಿ ಕಪ್ಪು ಬರಲ್ಲ. ಫೋಟೋದಲ್ಲಿ ಬರುತ್ತದೆ. ಚಿತ್ರದ ಅತಿ ಗಾಢ ಜಾಗದ ಮೇಲೆ ಬಣ್ಣ ಹೆಕ್ಕುವ ಸಾಧನ ಇಟ್ಟು ಅಂಕಿ ಓದಿ. ಉದಾಹರಣೆಗೆ 30 ಬಂದರೆ, ಆನೆಯ ಲೇಯರಿಗೆ `Colors > Levels` ತೆರೆದು `Output Levels` ಎಡಗಡೆ 30 ಮಾಡಿ. ಆನೆಯ ಕಣ್ಣಿನ ಕಪ್ಪು ಒಂದು ಮೆಟ್ಟಿಲು ಇಳಿದು ಚಿತ್ರದ ಕಪ್ಪಿನ ಜೊತೆ ಕೂರುತ್ತದೆ. ನನ್ನ ಮಟ್ಟಿಗೆ ಇಡೀ ಜೋಡಣೆಯಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಇದು, ಹಿಡಿಯುವ ಹೊತ್ತು ಅರ್ಧ ನಿಮಿಷ.

ಸಂಜೆಯ ಬಣ್ಣಕ್ಕೆ ಆನೆಯ ಮೇಲೆ ಹೊಸ ಲೇಯರ್ ಹಾಕಿ, `Soft Light` ಮೋಡಿನಲ್ಲಿ, ಆಕಾಶದಿಂದಲೇ ಹೆಕ್ಕಿದ ಕಿತ್ತಳೆಯನ್ನು ಬಿಸಿಲಿನ ಕಡೆ ಮಾತ್ರ ತೆಳ್ಳಗೆ ಹಚ್ಚಿ. ಕೊನೆಗೆ ಖಾಲಿ ಕಾಗದದ ಸ್ಕ್ಯಾನ್ ಒಂದನ್ನು ಬೂದು ಮಾಡಿ, ಅದರ ಬಿಳುಪು ನಡುಬೂದಿಗೆ ಬರುವ ತನಕ ಇಳಿಸಿ. ಆನೆಯ ಆಕಾರಕ್ಕಷ್ಟೇ ಕತ್ತರಿಸಿ, ಅದೇ ಮೋಡಿನಲ್ಲಿ `Opacity` ಶೇಕಡ 20ರಷ್ಟು ಇಡಿ. ನುಣುಪಾದ ಅರಗಿಗೂ ಕಾಗದದ ತರಿ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಮಾಡಿದರೆ ಅರಗಿನ ಹೊಳಪು ಸತ್ತು, ಮರದ ಬೊಂಬೆ ಬಟ್ಟೆ ಬೊಂಬೆ ಆಗುತ್ತದೆ.

ಹುಲ್ಲಿನ ಗೊಂಚಲನ್ನು ಒಂದು ಗಾಲಿಯ ಮುಂದೆ ಮಾತ್ರ ಇಡಿ. ಬರೆದದ್ದು ಫೋಟೋದ ಮುಂದೆ ಬಂದಾಗ ಎರಡೂ ಒಂದೇ ಜಾಗದಲ್ಲಿವೆ ಅಂತ ಕಣ್ಣು ಒಪ್ಪಿಕೊಳ್ಳುತ್ತದೆ. ನಾಲ್ಕೂ ಗಾಲಿಗೆ ಹುಲ್ಲು ಇಟ್ಟರೆ ಏನೋ ಮುಚ್ಚಿಡುತ್ತಿದ್ದೀರಿ ಅಂತ ಗೊತ್ತಾಗುತ್ತದೆ.

## ಹಂತ 6: ಕೆಟ್ಟಿದ್ದು ಎಲ್ಲಿ ಅಂತ ಹುಡುಕೋದು

ಇಡೀ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿ. ಈಗಲೂ ಆನೆ ಎದ್ದು ಬಂದರೆ ಹಂತ 5ರ ಕಪ್ಪು, ಬಿಳುಪು ಸರಿಯಾಗಿಲ್ಲ. ಕಪ್ಪು-ಬಿಳುಪಿನಲ್ಲಿ ಹೊಂದಿ, ಬಣ್ಣದಲ್ಲಿ ಮಾತ್ರ ಹೊಂದದಿದ್ದರೆ ಬೆಳಕಿನ ಬಣ್ಣ ತಪ್ಪಿದೆ, ಕಿತ್ತಳೆ ಲೇಯರನ್ನು ತಿದ್ದಿ.

ಆನೆ ಬೆಟ್ಟದಷ್ಟು ದೊಡ್ಡದಾಗಿ ಅಥವಾ ಇಲಿಯಷ್ಟು ಚಿಕ್ಕದಾಗಿ ಕಂಡರೆ ಗಾತ್ರ ಎಳೆದಾಡಬೇಡಿ. ಕಣ್ಣಿನ ಗೆರೆ ಆನೆಯ ಮೈಯಲ್ಲಿ ಎಲ್ಲಿ ಹಾಯುತ್ತಿದೆ ನೋಡಿ. ಆರರಲ್ಲಿ ಐದು ಭಾಗದ ಎತ್ತರಕ್ಕೆ ಬರುವ ತನಕ ಆನೆಯನ್ನು ಮೇಲೆ ಕೆಳಗೆ ಸರಿಸಿದರೆ ಸಾಕಾಗುತ್ತದೆ. ಅಷ್ಟಾದರೂ ಗಾಲಿಗಳ ಸಾಲು ಬಂಡೆಯ ಜೊತೆ ಸೇರದಿದ್ದರೆ ಫೋನಿನ ಎತ್ತರವೇ ತಪ್ಪಿತ್ತು. ಅದಕ್ಕೆ ಮದ್ದಿಲ್ಲ, ಇನ್ನೊಮ್ಮೆ ತಾರಸಿ ಹತ್ತಬೇಕು.

## ಹಂತ 7: ಅಚ್ಚಿಗೆ ಕೊಡುವ ಮುಂಚೆ

ಫೈಲ್ ಆರ್‌ಜಿಬಿ ಬೇಕೋ ಸಿಎಂವೈಕೆ ಬೇಕೋ ಅಂತ ಪ್ರೆಸ್ಸಿನವರನ್ನು ಮೊದಲೇ ಕೇಳಿ. ಲೇಯರ್ ಇರುವ ಫೈಲನ್ನು ನಿಮ್ಮ ಹತ್ತಿರ ಇಟ್ಟುಕೊಂಡು, ಒಂದುಗೂಡಿಸಿದ ಪ್ರತಿಯನ್ನು ಮಾತ್ರ ಕೊಡಿ.

ಪೂರ್ತಿ ಪುಸ್ತಕಕ್ಕೆ ಹೋಗುವ ಮೊದಲು ಈ ಒಂದು ಪುಟವನ್ನು ನಿಜ ಗಾತ್ರದಲ್ಲಿ, ಪುಸ್ತಕಕ್ಕೆ ಬಳಸುವ ಕಾಗದದ ಮೇಲೆಯೇ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ. ಅರಗಿನ ಹಸಿರು, ನೀಲಿ ಪರದೆಯಲ್ಲಿ ಕಂಡಷ್ಟು ಜೋರಾಗಿ ಶಾಯಿಯಲ್ಲಿ ಬರಲ್ಲ. ಅದನ್ನು ಒಪ್ಪಿಕೊಂಡು ಹಿನ್ನೆಲೆಯ ಬಣ್ಣಗಳನ್ನು ಇನ್ನೂ ಸ್ವಲ್ಪ ಮಂದ ಮಾಡಿದರೆ ಆನೆ ಮತ್ತೆ ಮುಂದೆ ಬರುತ್ತದೆ. ಆಮೇಲೆ ನೋಡಬೇಕಾದ್ದು ನೆರಳು. `Multiply` ನೆರಳು ಅಚ್ಚಿನಲ್ಲಿ ಪರದೆಗಿಂತ ಕಪ್ಪಗೆ ಬೀಳುವುದು ಸಾಮಾನ್ಯ. ಒಳಗಿನ ಬಂಡೆ ಗೆರೆಗಳು ಕಾಣದೆ ಬರೀ ಕಪ್ಪು ಕಲೆ ಆಗಿದ್ದರೆ ನೆರಳಿನ ಲೇಯರಿನ `Opacity` ಶೇಕಡ 70ಕ್ಕೆ ಇಳಿಸಿ, ಗಾಲಿ ಕೆಳಗಿನ ಗೆರೆಯನ್ನು ಮಾತ್ರ ಹಾಗೇ ಬಿಟ್ಟು, ಇನ್ನೊಂದು ಪ್ರತಿ ತೆಗೆಸಿ.